ಮದುವೆ ಮಾತೆತ್ತಿದರೆ ಮಾತು ಮರೆಸುವ ಸಂಗಾತಿ: ಆ ಮೌನವನ್ನು ಓದುವುದು ಹೇಗೆ?

"ಮೌನಂ ಸಮ್ಮತಿ ಲಕ್ಷಣಂ" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕುಳಿತರೆ ಒಪ್ಪಿಗೆ ಎಂದೇ ಅರ್ಥ. ಆದರೆ ನಾಲ್ಕೈದು ವರ್ಷ ಜೊತೆಯಾಗಿರುವ ಇಬ್ಬರ ನಡುವೆ ಒಬ್ಬರು ಮದುವೆಯ ಮಾತು ಬಂದ ಕೂಡಲೇ ಸುಮ್ಮನಾದರೆ? ಅಥವಾ "ಮಾಡ್ಕೊಳ್ಳೋಣ ಬಿಡು, ಈಗೇನು ಅವಸರ" ಎಂದು ಟಿವಿ ರಿಮೋಟ್ ಕೈಗೆತ್ತಿಕೊಂಡರೆ? ಆ ಮೌನಕ್ಕೆ ಏನು ಅರ್ಥ?

ಓದಲು, ಕೆಲಸಕ್ಕೆ ಎಂದು ಅಮೆರಿಕಕ್ಕೆ ಬಂದ ನಮ್ಮ ಹುಡುಗ ಹುಡುಗಿಯರಲ್ಲಿ ಇದು ಅಪರೂಪದ ವಿಷಯವೇನಲ್ಲ. ಮೇಲುನೋಟಕ್ಕೆ ಇದು ಅವರಿಬ್ಬರ ಖಾಸಗಿ ವಿಷಯ. ಆದರೆ ಇಲ್ಲಿ ಬದುಕುವ ನಮಗೆ ಅದರ ಜೊತೆ ವೀಸಾ, ಗ್ರೀನ್ ಕಾರ್ಡ್, ಊರಿನಲ್ಲಿರುವ ತಂದೆ ತಾಯಿ, ಜಾತಿ, ವಯಸ್ಸು ಎಲ್ಲವೂ ತಳುಕು ಹಾಕಿಕೊಂಡಿರುತ್ತವೆ. ಸುಮ್ಮನೆ ಕಾಯುವುದಕ್ಕೂ ಒಂದು ಬೆಲೆಯಿದೆ, ಸಾಮಾನ್ಯವಾಗಿ ಆ ಬೆಲೆ ತೆರುವವರು ಇಬ್ಬರಲ್ಲಿ ಒಬ್ಬರೇ. ನಾನು ಮನಃಶಾಸ್ತ್ರಜ್ಞನಲ್ಲ, ಸಾಫ್ಟ್‌ವೇರ್ ಕೆಲಸದವನು. ಈ ವಿಷಯದಲ್ಲಿ ಓದಿ ತಿಳಿದದ್ದನ್ನೂ ನಮ್ಮ ನಡುವಿನ ಜೋಡಿಗಳನ್ನು ಕಂಡು ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮಾತು ತಪ್ಪಿಸುವವರೆಲ್ಲ ಒಂದೇ ಅಲ್ಲ

ಮೊದಲು ಒಂದು ವಿಷಯ ಬೇರೆ ಮಾಡಿಡೋಣ. "ನನಗೆ ಮದುವೆ ಅನ್ನೋದರಲ್ಲೇ ನಂಬಿಕೆ ಇಲ್ಲ, ಹೀಗೇ ಜೊತೆಯಾಗಿರೋಣ" ಎಂದು ನೇರವಾಗಿ ಹೇಳುವವರು ಮಾತು ತಪ್ಪಿಸುತ್ತಿಲ್ಲ. ಅದು ಭಿನ್ನಾಭಿಪ್ರಾಯ. ಒಪ್ಪಬಹುದು, ಒಪ್ಪದೆ ಎದ್ದು ಹೋಗಬಹುದು, ಏನು ಎದುರಿಗಿದೆ ಎಂಬುದಾದರೂ ಗೊತ್ತಿರುತ್ತದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರು ಹೀಗೆ ಹೇಳುವುದುಂಟು. ಕಷ್ಟವಾಗುವುದು "ಇಲ್ಲ" ಎಂದೂ ಹೇಳದ, "ಹೌದು" ಎಂದೂ ಹೇಳದ ಸಂಗಾತಿಯ ಜೊತೆ.

ಅಂಥವರಲ್ಲಿ ಮೂರು ಬಗೆ. ಒಬ್ಬರಿಗೆ ಮಾತೇ ಭಯ. ಜಗಳವಾದೀತು, ಕಣ್ಣೀರು ಬಂದೀತು ಎಂದು ಗಂಭೀರ ಮಾತೆಲ್ಲವನ್ನೂ ದೂರ ಇಡುತ್ತಾರೆ. ಇನ್ನೊಬ್ಬರಿಗೆ ಮದುವೆಯ ಒಳಗಿನ ಯಾವುದೋ ಒಂದು ಸಂಗತಿ ಭಯ: ಬೇರೆ ಜಾತಿ ಎಂದರೆ ಅಪ್ಪ ಏನೆನ್ನುತ್ತಾರೋ, ತೀರಿಸದ ಸಾಲ ಹೊರಬೀಳುತ್ತದೋ, ಅಕ್ಕನ ಸಂಸಾರ ಮುರಿದದ್ದು ನನಗೂ ಆಗುತ್ತದೋ. ಅಪರೂಪಕ್ಕೆ, ಊರಿನ ಕೋರ್ಟಿನಲ್ಲಿ ಹಳೆಯ ಮದುವೆಯ ಡೈವೋರ್ಸ್ ಇನ್ನೂ ಮುಗಿದಿಲ್ಲದೆಯೂ ಇರಬಹುದು. ಮೂರನೆಯವರಿಗೆ ಭಯವೇನೂ ಇಲ್ಲ. ಈಗ ಹೇಗಿದೆಯೋ ಹಾಗೆಯೇ ಸಾಕು, ಅದನ್ನು ಬದಲಿಸಲು ಮನಸ್ಸಿಲ್ಲ, ಅಷ್ಟೇ. ಮೂವರೂ ಆಡುವ ಮಾತು ಮಾತ್ರ ಒಂದೇ: "ಈಗ ಬೇಡ, ಆಮೇಲೆ ನೋಡೋಣ." ಅದಕ್ಕೇ ಬರೀ ಮಾತು ಕೇಳಿ ಯಾರು ಯಾವ ಬಗೆ ಎಂದು ತಿಳಿಯುವುದಿಲ್ಲ.

ಬೆನ್ನಟ್ಟಿದಷ್ಟೂ ಓಡುವುದು

ಯುಸಿಎಲ್‌ಎ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಆಂಡ್ರೂ ಕ್ರಿಸ್ಟೆನ್ಸೆನ್ ಮತ್ತು ಅವರ ಸಹೋದ್ಯೋಗಿ ಕ್ರಿಸ್ಟೋಫರ್ ಹೆವಿ 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಬಹಳ ಹೆಸರಾದದ್ದು. ದಂಪತಿಗಳಲ್ಲಿ ಒಬ್ಬರು ಒತ್ತಾಯಿಸುತ್ತಾ ಹೋಗುವುದು, ಇನ್ನೊಬ್ಬರು ಹಿಂದೆ ಸರಿಯುತ್ತಾ ಹೋಗುವುದು, ಈ ಜೋಡಿ ನಡವಳಿಕೆಯನ್ನು ಅವರು ನೋಡಿದರು. ಹೆಂಗಸರು ಬೆನ್ನು ಹತ್ತುತ್ತಾರೆ, ಗಂಡಸರು ಬಾಯಿ ಮುಚ್ಚುತ್ತಾರೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಗಂಡಸರು ಹಿಂದೆ ಸರಿಯುವುದು ತುಸು ಹೆಚ್ಚೇ ಎಂದು ಅವರಿಗೂ ಕಂಡಿತು. ಆದರೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು, ಯಾರಿಗೆ ಬದಲಾವಣೆ ಬೇಕಿದೆ ಎಂಬುದು. ಬದಲಾವಣೆ ಬೇಕಾದವರು ಒತ್ತಾಯಿಸುತ್ತಾರೆ. ಇದ್ದಂತೆಯೇ ಇದ್ದರೆ ಅನುಕೂಲವಿರುವವರು ಹಿಂದೆ ಸರಿಯುತ್ತಾರೆ. ಅವರಿಗೆ ವಾದ ಮಾಡಿ ಗೆಲ್ಲುವ ಅಗತ್ಯವೂ ಇಲ್ಲ ನೋಡಿ, ಮಾತು ನಡೆಯದಿದ್ದರೆ ಸಾಕು, ಇದ್ದದ್ದು ಹಾಗೇ ಉಳಿಯುತ್ತದೆ!

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು, ಮೌನ ಎಂದರೆ ಏನೂ ತೀರ್ಮಾನವಾಗಿಲ್ಲ ಎಂದಲ್ಲ. ಇನ್ನೊಂದು ವರ್ಷ ಹೀಗೇ ಇರೋಣ ಎಂಬ ತೀರ್ಮಾನ ಆ ಮೌನದಲ್ಲೇ ಆಗಿಹೋಗಿರುತ್ತದೆ. ಎರಡನೆಯದು, ದಿನಾ ಅದೇ ಮಾತೆತ್ತಿದರೆ ನಿಮ್ಮ ಸಂಗಾತಿ ಯಾವ ಬಗೆಯವರು ಎಂದು ನಿಮಗೆ ತಿಳಿಯುವುದೇ ಇಲ್ಲ. ಬೆನ್ನಟ್ಟಿದರೆ ಹೆದರಿದವನೂ ಓಡುತ್ತಾನೆ, ಮನಸ್ಸಿಲ್ಲದವನೂ ಓಡುತ್ತಾನೆ. ಯಾರು ಯಾಕೆ ಓಡುತ್ತಿದ್ದಾರೆ ಎಂದು ತಿಳಿಯಬೇಕಾದರೆ ಮೊದಲು ಬೆನ್ನಟ್ಟುವುದನ್ನು ನಿಲ್ಲಿಸಬೇಕು.

ಡೆನ್ವರ್ ವಿಶ್ವವಿದ್ಯಾಲಯದ ಸ್ಕಾಟ್ ಸ್ಟ್ಯಾನ್ಲಿ, ಗಲೀನಾ ರೋಡ್ಸ್ ಮತ್ತು ಹೊವರ್ಡ್ ಮಾರ್ಕ್‌ಮನ್ 2006ರಲ್ಲಿ ಇನ್ನೊಂದು ಮಾತು ಹೇಳಿದರು. ಬಹಳಷ್ಟು ಜೋಡಿಗಳು ಒಟ್ಟಿಗೆ ಇರಲು ನಿರ್ಧಾರ ಮಾಡುವುದಿಲ್ಲ, ಜಾರಿಕೊಂಡು ಹೋಗುತ್ತವೆ ಎಂದು. ನಮ್ಮಲ್ಲೂ ಹಾಗೇ ಅಲ್ಲವೇ? ಎರಡು ಬಾಡಿಗೆ ಯಾಕೆ ದಂಡ ಎಂದು ಒಂದೇ ಅಪಾರ್ಟ್‌ಮೆಂಟ್, ಆಮೇಲೆ ಒಂದೇ ಕಾರು, ಒಂದೇ ಫೋನ್ ಪ್ಲಾನ್, ಸೋಫಾ, ಕಾಸ್ಟ್‌ಕೋ ಕಾರ್ಡು. ಪ್ರತಿಯೊಂದೂ ಬಿಟ್ಟು ಹೋಗುವುದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಆದರೆ ಯಾವುದೂ "ನಾನು ನಿನ್ನ ಜೊತೆಯೇ ಬಾಳುತ್ತೇನೆ" ಎಂಬ ಮಾತಲ್ಲ. ಕಾಯುತ್ತಿರುವವರು ಇವನ್ನೆಲ್ಲ ಮದುವೆಯತ್ತ ಇಟ್ಟ ಹೆಜ್ಜೆ ಎಂದು ಎಣಿಸುತ್ತಾರೆ. ಇನ್ನೊಬ್ಬರ ಲೆಕ್ಕದಲ್ಲಿ ಅದು ಬರೀ ಬಾಡಿಗೆ ಉಳಿತಾಯ.

ಒಂದು ಜೋಡಿಯ ಲೆಕ್ಕ

ಈಗ ಒಂದು ಉದಾಹರಣೆ ನೋಡೋಣ. ಇದು ಒಬ್ಬರ ಕಥೆಯಲ್ಲ, ಎರಡು ಮೂರು ಜೋಡಿಗಳದ್ದನ್ನು ಸೇರಿಸಿ, ಗುರುತು ಸಿಗದಂತೆ ಬರೆದದ್ದು. ಹುಡುಗ ದಾವಣಗೆರೆ ಕಡೆಯವನು, ಹುಡುಗಿ ಶಿವಮೊಗ್ಗದ ಕಡೆಯವಳು, ಜಾತಿ ಬೇರೆ. ನ್ಯೂಜೆರ್ಸಿಯಲ್ಲಿ ಇಬ್ಬರಿಗೂ ಐಟಿ ಕೆಲಸ. ಸ್ನೇಹ ಶುರುವಾದದ್ದು 2017ರಲ್ಲಿ, 2019ರಿಂದ ಒಂದೇ ಮನೆ. ಅವಳು ಮದುವೆಯ ಮಾತೆತ್ತಿದಾಗಲೆಲ್ಲ ಒಂದೊಂದು ಕಾರಣ ಬಂತು. 2019ರಲ್ಲಿ, ಊರಿನಲ್ಲಿ ತಂಗಿಯ ಮದುವೆ ಆಗದೆ ನನ್ನದು ಹೇಗೆ ಎಂದ. 2020ರಲ್ಲಿ ಕೋವಿಡ್, ಊರಿಗೆ ಹೋದರೆ ವೀಸಾ ಸ್ಟಾಂಪಿಂಗ್ ಇಲ್ಲದೆ ಅಲ್ಲೇ ಸಿಕ್ಕಿಕೊಳ್ಳುವ ಹೆದರಿಕೆ. 2021ರ ಫೆಬ್ರವರಿಯಲ್ಲಿ ತಂಗಿಯ ಮದುವೆ ಆಯಿತು. ಅದೇ ನವೆಂಬರಿನಲ್ಲಿ ಅಪ್ಪನಿಗೆ ಬೈಪಾಸ್ ಆಪರೇಷನ್. 2022ರಲ್ಲಿ "ಗ್ರೀನ್ ಕಾರ್ಡ್ ಬಂದುಬಿಡಲಿ", 2023ರಲ್ಲಿ ಕಂಪನಿಯಲ್ಲಿ ಲೇಆಫ್. 2024ರಲ್ಲಿ ಮನೆ ಸಾಲದ ಬಡ್ಡಿ ಇಳಿಯಲಿ ಎಂದ.

ಇದರಲ್ಲಿ ಒಂದೂ ಸುಳ್ಳಲ್ಲ, ಗಮನಿಸಿ. ತಂಗಿಯನ್ನು ಮನೆಯಲ್ಲಿಟ್ಟುಕೊಂಡು ಅಣ್ಣ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದರೆ ತಂಗಿಯ ಸಂಬಂಧಕ್ಕೆ ತೊಂದರೆಯಾಗುತ್ತದೆ ಎಂಬ ಭಯ ನಮ್ಮ ಕಡೆ ನಿಜವಾದದ್ದೇ. ಅಪ್ಪನ ಹೃದಯವೂ ನಿಜ. ಆದ್ದರಿಂದ ಒಂದೊಂದು ಕಾರಣವನ್ನು ಹಿಡಿದು "ಇದು ನಿಜವೋ ನೆಪವೋ" ಎಂದು ವಾದಿಸಿದರೆ ಕಾಯುವವರು ಸೋಲುತ್ತಲೇ ಹೋಗುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಆ ಕಾರಣ ಮುಗಿದ ಮೇಲೆ ಏನಾಯಿತು?

ಒಂದು ಹಾಳೆಯಲ್ಲಿ ಕಾರಣಗಳನ್ನೂ ಅವು ಶುರುವಾಗಿ ಮುಗಿದ ತಿಂಗಳುಗಳನ್ನೂ ಬರೆದು ನೋಡಿದರೆ ನಡುವೆ ಖಾಲಿ ತಿಂಗಳುಗಳು ಕಾಣುತ್ತವೆ. ತಂಗಿಯ ಮದುವೆ ಮುಗಿದದ್ದು ಫೆಬ್ರವರಿಯಲ್ಲಿ, ಅಪ್ಪನ ಆಪರೇಷನ್ ನವೆಂಬರಿನಲ್ಲಿ. ನಡುವಿನ ಎಂಟು ತಿಂಗಳಲ್ಲಿ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಏನೂ ನಡೆಯಲಿಲ್ಲ. 2022ರ ಆಗಸ್ಟಿನಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂತು, ಲೇಆಫ್ ಸುದ್ದಿ ಬಂದದ್ದು ಜನವರಿಯಲ್ಲಿ. ಆ ನಾಲ್ಕು ತಿಂಗಳೂ ಖಾಲಿ. ಅಡ್ಡಿಯೇ ಕಾರಣವಾಗಿದ್ದರೆ ಅದು ತೀರಿದ ಮರುತಿಂಗಳು ಏನಾದರೂ ಒಂದು ಹೆಜ್ಜೆ ಮುಂದೆ ಹೋಗಬೇಕು. ತಂಗಿಗಾದರೂ ಹೇಳಬೇಕು, ಅಮ್ಮನ ಹತ್ತಿರ ಅವಳ ಹೆಸರಾದರೂ ಎತ್ತಬೇಕು. ಖಾಲಿ ತಿಂಗಳುಗಳಲ್ಲಿ ಏನೂ ನಡೆಯದೆ ಮುಂದಿನ ಅಡ್ಡಿಗಾಗಿ ಕಾದಂತಿದ್ದರೆ, ಕಾರಣಗಳು ಬಾಗಿಲಿಗೆ ಹಾಕಿದ ಬೀಗವಲ್ಲ, ಬರೀ ಪರದೆ.

ಗ್ರೀನ್ ಕಾರ್ಡ್ ಹೇಳಿದ ಮಾತು

ಈ ಜೋಡಿಯಲ್ಲಿ ಇನ್ನೊಂದು ಘಟನೆ ಇತ್ತು. ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗುವಂಥದ್ದು. 2020ರ ಅಕ್ಟೋಬರಿನಲ್ಲಿ ಭಾರತೀಯರ ಇಬಿ-3 ವಿಭಾಗದ ಫೈಲಿಂಗ್ ಡೇಟ್ ಒಮ್ಮೆಗೇ 2015ರ ಜನವರಿ 1ಕ್ಕೆ ಹಾರಿತು. ಅವನ ಪ್ರಯಾರಿಟಿ ಡೇಟ್ 2014ರದ್ದು. ಅವನು ಐ-485 ಅರ್ಜಿ ಹಾಕಿದ, ಒಬ್ಬನೇ. ರಸೀದಿ ಅಂಚೆಯಲ್ಲಿ ಬಂದಾಗಲೇ ಅವಳಿಗೆ ಗೊತ್ತಾದದ್ದು.

ನಿಯಮ ಹೀಗಿದೆ. ಮುಖ್ಯ ಅರ್ಜಿದಾರರ ಗ್ರೀನ್ ಕಾರ್ಡ್ ಮಂಜೂರಾಗುವ ಮುನ್ನ ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿಗೂ ಅದೇ ಪ್ರಯಾರಿಟಿ ಡೇಟ್ ಸಿಗುತ್ತದೆ. ಮಂಜೂರಾದ ಮೇಲೆ ಮದುವೆಯಾದರೆ ಆ ಬಾಗಿಲು ಮುಚ್ಚಿತು. ಆಗ ಐ-130 ಹಾಕಿ ಎಫ್2ಎ ಎಂಬ ಬೇರೆ ಸರತಿಯಲ್ಲಿ ನಿಲ್ಲಬೇಕು. ಗ್ರೀನ್ ಕಾರ್ಡ್ ಬಂದವರು ಎಚ್-1ಬಿಯಲ್ಲಿ ಇರುವುದಿಲ್ಲವಾದ್ದರಿಂದ ಅವರ ಮೂಲಕ ಎಚ್-4 ಕೂಡ ಇಲ್ಲ. ಎಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನ್ಯೂಜೆರ್ಸಿಯಲ್ಲಿ ಅದು ಮದುವೆ ಎನಿಸುವುದಿಲ್ಲ. ಕಾಮನ್ ಲಾ ಮದುವೆಯನ್ನು ಆ ರಾಜ್ಯ 1939ರಲ್ಲೇ ಕೈಬಿಟ್ಟಿದೆ.

ಅಂದರೆ 2020ರ ಅಕ್ಟೋಬರಿನಿಂದ 2022ರ ಆಗಸ್ಟಿನ ತನಕ ಅವನ ಕೈಯಲ್ಲಿ ಒಂದು ಅವಕಾಶವಿತ್ತು. ನ್ಯೂಜೆರ್ಸಿಯಲ್ಲಿ ಮದುವೆಯ ಲೈಸೆನ್ಸ್‌ಗೆ 28 ಡಾಲರ್, 72 ಗಂಟೆ ಕಾಯುವುದು, ಒಬ್ಬ ಸಾಕ್ಷಿ. ಊರಿನ ಮದುವೆ ಆಮೇಲೆ ಎಂದಾದರೂ ಮಾಡಿಕೊಳ್ಳಬಹುದಿತ್ತು. ಅವಳದು 2019ರ ಪ್ರಯಾರಿಟಿ ಡೇಟ್, ಅಂದರೆ ಇನ್ನೂ ಎಷ್ಟು ವರ್ಷವೋ. ಕೆಲಸ ಹೋದರೆ 60 ದಿನಗಳಲ್ಲಿ ಬೇರೆ ಕೆಲಸ ಹುಡುಕಬೇಕಾದವಳು ಅವಳು, ಅವನಲ್ಲ.

ಇದನ್ನು ಹೇಗೆ ಓದಬೇಕು? ಗ್ರೀನ್ ಕಾರ್ಡಿಗಾಗಿ ಮದುವೆಯಾಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಬರೀ ಅದಕ್ಕಾಗಿ ಆಗುವ ಮದುವೆ ಕಾನೂನಿಗೂ ವಿರುದ್ಧ. ಆದರೆ ಮುಂದೊಂದು ದಿನ ಇವಳನ್ನೇ ಮದುವೆಯಾಗುತ್ತೇನೆ ಎಂದುಕೊಂಡಿರುವವನು ಇಂಥ ಗಡುವು ಎದುರಾದಾಗ ಕಡೇ ಪಕ್ಷ ಮಾತಾಡುತ್ತಾನೆ. "ಹೀಗೊಂದು ಅವಕಾಶ ಬಂದಿದೆ, ನನಗೆ ಈಗ ಆಗುತ್ತಿಲ್ಲ, ಯಾಕೆಂದರೆ..." ಎನ್ನುತ್ತಾನೆ. ತನ್ನ ಭವಿಷ್ಯದ ಕಾಗದಪತ್ರ ತುಂಬುವಾಗ ಅವಳು ನೆನಪಾಗಲಿಲ್ಲ, ಅಥವಾ ನೆನಪಾಗಿಯೂ ಹೇಳಲಿಲ್ಲ ಎಂಬುದು ಹತ್ತು ಸಲದ "ಆಮೇಲೆ ನೋಡೋಣ"ಕ್ಕಿಂತ ಹೆಚ್ಚು ಹೇಳುತ್ತದೆ. ಇಂಥ ಗಡುವುಗಳು ಎಲ್ಲರ ಬಾಳಿನಲ್ಲೂ ಬರುತ್ತವೆ: ಬೇರೆ ರಾಜ್ಯದಲ್ಲಿ ಕೆಲಸ, ಮನೆ ಖರೀದಿ, ಇನ್ಶೂರೆನ್ಸ್ ನಾಮಿನಿ. ಆ ಹೊತ್ತಿನಲ್ಲಿ ಸಂಗಾತಿಯ ಲೆಕ್ಕದಲ್ಲಿ ನೀವು ಇದ್ದಿರೋ ಇಲ್ಲವೋ ಎಂದು ನೋಡಿ.

ಕೇಳುವುದಾದರೆ ಹೇಗೆ ಕೇಳಬೇಕು

"ನಾವು ಯಾವಾಗ ಮದುವೆ ಆಗೋದು?" ಎಂಬ ಪ್ರಶ್ನೆ ಬಹಳ ದೊಡ್ಡದು. ಅದಕ್ಕೆ "ಆಗೋಣ" ಎಂಬ ಒಂದೇ ಪದದ ಉತ್ತರ ಕೊಟ್ಟು ತಪ್ಪಿಸಿಕೊಳ್ಳಬಹುದು. ಸಣ್ಣ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಿಮ್ಮ ಮನೆಯಲ್ಲಿ ನನ್ನ ಬಗ್ಗೆ ಯಾರಿಗೆ ಗೊತ್ತು? ತೊಂದರೆ ಇರುವುದು ಯಾರಿಂದ, ಏನು? ಅದರ ಬಗ್ಗೆ ನೀನು ಮಾಡುವ ಮೊದಲ ಕೆಲಸ ಯಾವುದು, ಯಾವ ತಿಂಗಳೊಳಗೆ? ಈ ಮೂರು ಸಾಕು.

ಕೇಳುವ ಹೊತ್ತೂ ಮುಖ್ಯ. ಗೆಳೆಯರ ಮದುವೆಯಿಂದ ವಾಪಸು ಬರುವಾಗ ಕಾರಿನಲ್ಲಿ, ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಬೇಡ. ಎರಡು ದಿನ ಮೊದಲೇ ಹೇಳಿ, ಶನಿವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಒಮ್ಮೆ ಕೇಳಿ. ಆಗಲೇ ಉತ್ತರ ಬೇಕೆಂದು ಹಟ ಬೇಡ. "ಎರಡು ವಾರ ಯೋಚಿಸು, ಈ ಸಲ ಮಾತು ನೀನೇ ಎತ್ತಬೇಕು, ಬಾಯಲ್ಲಿ ಹೇಳೋಕೆ ಕಷ್ಟ ಆದ್ರೆ ಬರೆದು ಕೊಡು" ಎಂದು ಬಿಟ್ಟುಬಿಡಿ. ಆ ಎರಡು ವಾರ ನೀವು ಆ ಮಾತೆತ್ತಲೇಬಾರದು. ನಿಜವಾದ ಪರೀಕ್ಷೆ ಇದೇ. ಮಾತಿಗೆ ಹೆದರುವವರು ತಡವರಿಸಿಯಾದರೂ ವಾಪಸು ಬರುತ್ತಾರೆ. ಒಂದು ಅಡ್ಡಿಗೆ ಹೆದರುವವರ ಉತ್ತರದಲ್ಲಿ ಹೆಸರು, ಊರು, ಮೊತ್ತ ಇರುತ್ತವೆ: "ದೊಡ್ಡಪ್ಪ ಒಪ್ಪಲ್ಲ", "ಅಪ್ಪ ಜಮೀನು ಅಡ ಇಟ್ಟು ಓದಿಸಿದ ಸಾಲ ಇನ್ನೂ ಇದೆ." ಇದ್ದಂತೆ ಇರಲು ಬಯಸುವವರ ಉತ್ತರದಲ್ಲಿ ಬರೀ ಷರತ್ತುಗಳಿರುತ್ತವೆ: "ಎಲ್ಲಾ ಸೆಟ್ಲ್ ಆಗ್ಲಿ", "ಟೈಮ್ ಬರ್ಲಿ."

ನಮ್ಮ ಉದಾಹರಣೆಯ ಹುಡುಗಿ ಹೀಗೇ ಕೇಳಿದಳು. ಎರಡು ವಾರ ಕಳೆಯಿತು, ಮೂರನೆಯದೂ ಕಳೆಯಿತು. ಅವನು ಎಂದಿನಂತೆ ಅಡುಗೆ ಮಾಡಿದ, ಸಿನಿಮಾಕ್ಕೆ ಕರೆದ, ಪ್ರೀತಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಎತ್ತಲಿಲ್ಲ. ಕೊನೆಗೆ ಅವಳೇ ಕೇಳಿದಾಗ, "ಈಗ ನಿನಗೆ ಏನು ಕಮ್ಮಿ ಆಗಿದೆ ಹೇಳು?" ಎಂದ. ಅವಳ ಪ್ರಕಾರ ಏಳು ವರ್ಷಗಳಲ್ಲಿ ಅವನು ಕೊಟ್ಟ ಪ್ರಾಮಾಣಿಕ ಉತ್ತರ ಅದೊಂದೇ. ಅವನಿಗೆ ಏನೂ ಕಡಿಮೆಯಾಗಿರಲಿಲ್ಲ. ಮನೆಯವರಿಗೆ ಹೇಳುವ ಯೋಚನೆಯನ್ನೇ ತಾನು ಎಂದೂ ಮಾಡಿರಲಿಲ್ಲ ಎಂದು ಆಮೇಲೆ ಒಪ್ಪಿಕೊಂಡ. ಅಪಾರ್ಟ್‌ಮೆಂಟ್ ಲೀಸ್ ಮುಗಿದ ತಿಂಗಳು ಅವಳು ಬೇರೆ ಮನೆ ಮಾಡಿದಳು.

ಇನ್ನೊಂದು ಜೋಡಿಯಲ್ಲಿ ಮಾತು ತಪ್ಪಿಸುತ್ತಿದ್ದವಳು ಹುಡುಗಿ. ಐದು ವರ್ಷವಾದರೂ ಒಪ್ಪುತ್ತಿಲ್ಲ, ಇವಳಿಗೆ ನಾನು ಬೇಡ ಎಂದೇ ಹುಡುಗ ತೀರ್ಮಾನಿಸಿದ್ದ. ಹೀಗೆ ಕೇಳಿ ಸುಮ್ಮನಾದ ಮೇಲೆ ನಾಲ್ಕನೆಯ ದಿನ ಅವಳಿಂದ ಎರಡು ಪುಟದ ಇಮೇಲ್ ಬಂತು. ಮೈಸೂರಿನಲ್ಲಿ ಅವಳ ಅಕ್ಕ ಮದುವೆಯಾದ ಮೇಲೆ ಕೆಲಸ ಬಿಟ್ಟಿದ್ದು, ಆರು ವರ್ಷ ಕೋರ್ಟು ಅಲೆದದ್ದು, ತಾಯಿ ಕೊಟ್ಟ ಒಡವೆಯೂ ವಾಪಸು ಬರದಿದ್ದು ಎಲ್ಲ ಅದರಲ್ಲಿತ್ತು. ಅವಳ ಭಯ ಎರಡೇ: ನನ್ನ ಎಚ್-1ಬಿ ಬಿಟ್ಟು ಎಚ್-4ಗೆ ಹೋಗು ಎನ್ನುತ್ತೀಯಾ? ನಿಮ್ಮ ತಂದೆ ತಾಯಿ ಇಲ್ಲಿಗೆ ಬಂದು ಆರು ತಿಂಗಳು ಇದ್ದರೆ ನನ್ನ ಪಾಡೇನು? ಎರಡಕ್ಕೂ ಉತ್ತರ ಹುಡುಕಬಹುದಿತ್ತು, ಹುಡುಕಿದರು. ವೀಸಾ ಬದಲಿಸುವ ಮಾತೇ ಇಲ್ಲ, ಅವಳ ಬ್ಯಾಂಕ್ ಖಾತೆ ಅವಳದೇ, ಹಿರಿಯರ ಮೊದಲ ಭೇಟಿ ಆರು ವಾರ ಎಂದು ಮಾತಾಯಿತು. ಮರುವರ್ಷ ಮದುವೆಯೂ ಆಯಿತು.

ಎಡವುವ ಜಾಗಗಳು

ಪ್ರೀತಿ ಇದೆಯೋ ಇಲ್ಲವೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಮೊದಲ ಜೋಡಿಯಲ್ಲಿ ಪ್ರೀತಿ ಇತ್ತು, ಮದುವೆಯ ಮನಸ್ಸಿರಲಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡವರು "ಇಷ್ಟು ಚೆನ್ನಾಗಿ ನೋಡ್ಕೋತಾನಲ್ಲ" ಎಂಬ ಸಮಾಧಾನದಲ್ಲಿ ಇನ್ನಷ್ಟು ವರ್ಷ ಕಳೆಯುತ್ತಾರೆ.

ಒತ್ತಾಯಕ್ಕೆ ಮಣಿದು ಬಂದ "ಹೌದು"ವನ್ನೂ ನಂಬುವ ಹಾಗಿಲ್ಲ. ಉಂಗುರ ತೊಡಿಸಿ, ಫೋಟೋ ಹಾಕಿ, ಎರಡು ವರ್ಷವಾದರೂ ತಾರೀಖು ಇಲ್ಲದಿದ್ದರೆ ಅದು ಹಳೆಯ ಮೌನವೇ, ಹೊಸ ಬಟ್ಟೆಯಲ್ಲಿ. ತಾರೀಖು ಹೇಳಿದರೂ ಅದು ನಡೆಯುವಂಥದ್ದೇ ಎಂದು ನೋಡಿ. "ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋದಾಗ ರಿಜಿಸ್ಟರ್ ಮಾಡಿಸೋಣ" ಎಂದು ಹೇಳುವವರಿದ್ದಾರೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಆಮೇಲೆ ಆಕ್ಷೇಪಣೆಗೆ ಇನ್ನೂ 30 ದಿನ. ಮೂರು ವಾರದ ರಜೆಯಲ್ಲಿ ಅದು ಮುಗಿಯುವುದಿಲ್ಲ. ಇಬ್ಬರೂ ಹಿಂದೂಗಳಾದರೆ ಜಾತಿ ಬೇರೆಯಾದರೂ 1955ರ ಹಿಂದೂ ವಿವಾಹ ಕಾಯ್ದೆಯಂತೆ ಶಾಸ್ತ್ರೋಕ್ತವಾಗಿ ಮದುವೆಯಾಗಿ ನೋಂದಾಯಿಸಬಹುದು. ನಿಜವಾಗಿ ಆಗಬೇಕೆಂದಿರುವವರು ಇಷ್ಟನ್ನಾದರೂ ವಿಚಾರಿಸಿಕೊಂಡಿರುತ್ತಾರೆ.

ಕೊನೆಯದು ಗಡುವಿನ ವಿಷಯ. "ಮಾರ್ಚ್ ಒಳಗೆ ಆಗದಿದ್ದರೆ ನೋಡು" ಎಂದು ಹೆದರಿಸುವುದು ಬೇರೆ, ಮಾರ್ಚ್ ತನಕ ಕಾಯುತ್ತೇನೆ ಎಂದು ನಿಮ್ಮ ಮಟ್ಟಿಗೆ ನಿರ್ಧರಿಸಿ ಅದನ್ನು ಶಾಂತವಾಗಿ ತಿಳಿಸುವುದು ಬೇರೆ. ಮೊದಲನೆಯದು ಬೆನ್ನಟ್ಟುವುದರ ಇನ್ನೊಂದು ರೂಪ. ಎರಡನೆಯದು ಇಷ್ಟು ದಿನ ಒಬ್ಬರ ಮೌನವೇ ಮಾಡುತ್ತಿದ್ದ ತೀರ್ಮಾನದಲ್ಲಿ ನಿಮ್ಮ ಪಾಲನ್ನು ನೀವು ತೆಗೆದುಕೊಳ್ಳುವುದು. ಕೇಳಿದರೆ ಏನು ಮಾಡುತ್ತಾನೋ ಎಂದು ಜೀವಕ್ಕೇ ಹೆದರಿಕೆ ಇರುವ ಕಡೆ ಮಾತ್ರ ಈ ಯಾವ ಉಪಾಯವೂ ಬೇಡ. ಅಲ್ಲಿ ಮೊದಲು ನಂಬಿಕೆಯವರ ಸಹಾಯ ಪಡೆದು ಹೊರಗೆ ಬರಬೇಕು.

ಹೆತ್ತವರಿಗೂ ಒಂದು ಮಾತು. ಮಗಳು ಕಾಯುತ್ತಿದ್ದಾಳೆ ಎಂದು ತಿಳಿದಾಗ ಆ ಹುಡುಗನಿಗೆ ನೀವೇ ಫೋನ್ ಮಾಡಿ ಒತ್ತಾಯಿಸಬೇಡಿ. ಬೆನ್ನಟ್ಟುವವರು ಒಬ್ಬರಿದ್ದ ಕಡೆ ಮೂವರಾಗುತ್ತಾರೆ, ಅಷ್ಟೇ. ನಿಮ್ಮ ಮಗನೋ ಮಗಳೋ ಮಾತು ತಪ್ಪಿಸುತ್ತಿರುವವರಾದರೆ, ಅವರು ಹೆದರುತ್ತಿರುವುದು ನಿಮಗೇ ಇರಬಹುದು. "ನಿನ್ನ ಮನಸ್ಸಿನಲ್ಲಿ ಯಾರಾದರೂ ಇದ್ದರೆ ಹೇಳು, ಜಾತಿ ಆಮೇಲೆ ಮಾತಾಡೋಣ" ಎಂದು ಮುಂದಿನ ಭಾನುವಾರದ ಫೋನಿನಲ್ಲಿ ನೀವೇ ಒಮ್ಮೆ ಹೇಳಿದರೆ, ಇಲ್ಲಿ ಎಷ್ಟೋ ವರ್ಷಗಳಿಂದ ಕಾಯುತ್ತಿರುವ ಇನ್ನೊಬ್ಬರ ಮಗಳಿಗೆ ಉತ್ತರ ಸಿಕ್ಕೀತು.